ಎಐ ಬರೆದ ಹೋಟೆಲ್ ರಿವ್ಯೂ: ತಿದ್ದುವುದು ಹೇಗೆ?

"ನಗರದ ಹೃದಯಭಾಗದಲ್ಲಿರುವ ಈ ಹೋಟೆಲ್ ಆಹಾರಪ್ರಿಯರ ಸ್ವರ್ಗ. ಗರಿಗರಿಯಾದ ಮಸಾಲೆ ದೋಸೆ ಬಾಯಲ್ಲಿ ನೀರೂರಿಸುತ್ತದೆ. ಸಿಬ್ಬಂದಿ ಸ್ನೇಹಮಯಿ, ಸೇವೆ ತ್ವರಿತ. ಮೈಸೂರು ಪಾಕ್ ಸವಿಯಲು ಮರೆಯದಿರಿ. ಕುಟುಂಬ ಸಮೇತ ಹೋಗಲು ಸೂಕ್ತ ತಾಣ."

ಮೈಸೂರಿನ ಸರಸ್ವತಿಪುರಂ ಕಡೆಯ ಒಂದು ಹೋಟೆಲಿನಲ್ಲಿ ಭಾನುವಾರ ತಿಂಡಿ ತಿಂದು ಬಂದ ಗೆಳತಿಯೊಬ್ಬರು ಎಐ ಕೈಲಿ ಬರೆಸಿದ ರಿವ್ಯೂ ಇದು. ಕನ್ನಡ ಚೆನ್ನಾಗಿಯೇ ಇದೆ. ಅವರು ಆ ಹೋಟೆಲಿಗೆ ಹೋಗಿದ್ದ ಗುರುತು ಮಾತ್ರ ಎಲ್ಲೂ ಇಲ್ಲ.

ಮೊದಲು ಮಾಡಬೇಕಾದ್ದು ಹೊಡೆದುಹಾಕುವ ಕೆಲಸ. ಒಂದೊಂದು ಸಾಲನ್ನೂ ಎದುರು ರಸ್ತೆಯ ಹೋಟೆಲಿಗೆ ಅಂಟಿಸಿ ಓದಿ. ಅಲ್ಲಿಗೂ ಸರಿಹೋದರೆ ಆ ಸಾಲು ಬೇಡ. ಹೃದಯಭಾಗ, ಸ್ವರ್ಗ, ಸೂಕ್ತ ತಾಣ ಎಲ್ಲಾ ಹೀಗೇ ಹೋಗುತ್ತವೆ. ಇವು ಸುಮ್ನೆ ಪೊಳ್ಳು ಮಾತು, ಯಾರಿಗೂ ತೊಂದರೆಯಿಲ್ಲ. ನಿಜವಾಗಿ ಹುಷಾರಾಗಿರಬೇಕಾದ್ದು ಸುಳ್ಳು ಸಾಲುಗಳ ಬಗ್ಗೆ. ಗೆಳತಿ ಅವತ್ತು ಮೈಸೂರು ಪಾಕ್ ತಿಂದೇ ಇರಲಿಲ್ಲ. ಮೈಸೂರು, ಹೋಟೆಲ್ ಎಂದ ಕೂಡಲೇ ಜೊತೆಗೆ ಬರುವ ಹೆಸರು ಅದು, ಹಾಗಾಗಿ ಎಐ ಸೇರಿಸಿಬಿಟ್ಟಿದೆ. "ಸೇವೆ ತ್ವರಿತ" ಎಂಬುದೂ ಅಷ್ಟೇ. ಅವರು ಟೇಬಲ್ಲಿಗಾಗಿಯೇ ಇಪ್ಪತ್ತು ನಿಮಿಷ ನಿಂತಿದ್ದರು.

ಆಮೇಲೆ ಬಿಲ್ ಹುಡುಕಿ. ತಿಂದ ಐಟಂ, ರೇಟು, ಹೊತ್ತು ಮೂರೂ ಅದರಲ್ಲಿ ಸಿಗುತ್ತವೆ. ಬಿಲ್ ಎಸೆದಿದ್ದರೆ ಯುಪಿಐ ಮೆಸೇಜಿನಲ್ಲಿ ಹೊತ್ತು, ಮೊತ್ತವಾದರೂ ಇರುತ್ತದೆ. ಜೊತೆಗೆ ಬಂದವರನ್ನೂ ಕೇಳಿ. ಗೆಳತಿಯ ಅತ್ತೆ ಸೆಟ್ ದೋಸೆ ತಿಂದಿದ್ದರು. ಕೇಳಿದ್ದಕ್ಕೆ, "ಸಾಗು ಖಾಲಿಯಾಗಿದ್ದು ನೋಡಿ ಆ ಹುಡುಗ ತಾನೇ ತಂದು ಹಾಕಿದ, ಅಲ್ವಾ?" ಎಂದರು. "ಸಿಬ್ಬಂದಿ ಸ್ನೇಹಮಯಿ" ಎಂಬ ಸಾಲಿನ ಜಾಗಕ್ಕೆ ಈ ಒಂದು ಮಾತು ಸಾಕು.

ತಿಂಡಿಯ ಬಗ್ಗೆ ಬರೆಯುವಾಗ "ರುಚಿಯಾಗಿತ್ತು" ಎನ್ನುವಲ್ಲಿಗೆ ನಿಲ್ಲಿಸಬೇಡಿ. ಮಸಾಲೆ ದೋಸೆಯಾದರೆ ಅಂಚು ಹೇಗಿತ್ತು, ನಡುಭಾಗ ಹೇಗಿತ್ತು, ಒಳಗೆ ಸವರಿದ ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಮುಂದಿತ್ತೋ ಖಾರ ಮುಂದಿತ್ತೋ, ಪಲ್ಯ ಬಿಸಿಯಿತ್ತೋ ಎಂದು ಕೇಳಿಕೊಳ್ಳಿ. ಎಲ್ಲಕ್ಕೂ ಉತ್ತರ ಬೇಕಿಲ್ಲ. ನೆನಪಿಗೆ ಬಂದ ಎರಡು ಬರೆಯಿರಿ, ಬಾರದ್ದನ್ನು ಊಹಿಸಿ ತುಂಬಬೇಡಿ. ಹಾಗೆ ತುಂಬುವುದಾದರೆ ಎಐ ಬರೆದದ್ದನ್ನೇ ಇಟ್ಟುಕೊಳ್ಳಬಹುದಿತ್ತು!

ದೂರು ಬರೆಯುವುದು ಸ್ವಲ್ಪ ನಾಜೂಕು. ಗೆಳತಿ ಮೊದಲು ಬರೆದದ್ದು, "ಹಳೇ ಪಲ್ಯ ಹಾಕಿದ್ದಾರೆ." ಅದು ಹಳೆಯದು ಎಂದು ಅವರಿಗೆ ಗೊತ್ತಾದದ್ದು ಹೇಗೆ? ನಾಲಿಗೆಗೆ ಗೊತ್ತಾದದ್ದು ಪಲ್ಯ ನಡುವೆ ತಣ್ಣಗಿತ್ತು ಎಂಬುದಷ್ಟೇ. ಅಷ್ಟನ್ನೇ ಬರೆದರೆ ದೂರೂ ಆಯಿತು, ಆರೋಪವೂ ಆಗಲಿಲ್ಲ. ಕಾಫಿಯದು ಇನ್ನೊಂದು ಕಥೆ. ಕೊನೆಗೆ ತನ್ನಿ ಎಂದಿದ್ದರೂ ದೋಸೆಯ ಜೊತೆಗೇ ಬಂತು, ಕುಡಿಯುವ ಹೊತ್ತಿಗೆ ಆರಿತ್ತು. ಹೇಳಿದಾಗ ಬೇರೆ ಕಾಫಿ ತಂದುಕೊಟ್ಟರು. ಈ ಕೊನೆಯ ಸಂಗತಿ ಬಿಟ್ಟು ಬರೆದರೆ ಹೋಟೆಲಿನವರಿಗೆ ಅನ್ಯಾಯ. ಇನ್ನು ರಸ್ತೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗವಿರಲಿಲ್ಲ ಎಂಬುದು ಹೋಟೆಲಿನ ತಪ್ಪಲ್ಲ. ಹೋಗುವವರಿಗೆ ಮಾಹಿತಿ ಎಂದು ಬೇಕಾದರೆ ಹೇಳಿ.

ತಿದ್ದಿದ ಮೇಲೆ ಹೀಗಾಯಿತು:

"ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದೆವು, ಟೇಬಲ್ ಸಿಗಲು ಇಪ್ಪತ್ತು ನಿಮಿಷ ಕಾಯಬೇಕಾಯಿತು. ಮಸಾಲೆ ದೋಸೆಯ ಅಂಚು ಗರಿಗರಿ, ಕೆಂಪು ಚಟ್ನಿಯಲ್ಲಿ ಬೆಳ್ಳುಳ್ಳಿ ಚೆನ್ನಾಗಿ ಹಿಡಿದಿತ್ತು. ಆದರೆ ಪಲ್ಯ ನಡುವೆ ತಣ್ಣಗಿತ್ತು. ಸೆಟ್ ದೋಸೆ ಮೆತ್ತಗಿತ್ತು, ಸಾಗು ಖಾಲಿಯಾದದ್ದು ನೋಡಿ ಕೇಳುವ ಮೊದಲೇ ಹಾಕಿದರು. ಕಾಫಿ ಕೊನೆಗೆ ಎಂದಿದ್ದರೂ ಮೊದಲೇ ಬಂದು ಆರಿಹೋಯಿತು, ಹೇಳಿದ್ದಕ್ಕೆ ಬೇರೆ ಕೊಟ್ಟರು. ಸ್ಕೂಟರ್ ದೂರ ನಿಲ್ಲಿಸಬೇಕು."

ಇದನ್ನು "ಇನ್ನೂ ಚೆಂದ ಮಾಡು" ಎಂದು ಮತ್ತೆ ಎಐಗೆ ಕೊಡಬೇಡಿ. ತಣ್ಣಗಿನ ಪಲ್ಯ "ಸುಧಾರಣೆಗೆ ಅವಕಾಶವಿದೆ" ಎಂದಾಗಿ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಕಾಗುಣಿತ ಮಾತ್ರ ನೋಡು ಎಂದು ಹೇಳಿ, ಬಂದದ್ದನ್ನು ನಿಮ್ಮ ಮೂಲದ ಜೊತೆ ಹೋಲಿಸಿ. ಸ್ಟಾರನ್ನೂ ಬರಹಕ್ಕೆ ತಕ್ಕಂತೆ ಕೊಡಿ. ಗೆಳತಿ ಮೊದಲು ಐದು ಒತ್ತಲು ಹೊರಟಿದ್ದರು, ತಿದ್ದಿದ ಮೇಲೆ ನಾಲ್ಕಕ್ಕೆ ಇಳಿಸಿದರು. ಗೂಗಲ್ ಮ್ಯಾಪ್ಸ್‌ನಲ್ಲಿ ಹಾಕಿದ ರಿವ್ಯೂವನ್ನು ಆಮೇಲೂ ಬದಲಿಸಬಹುದು. ಮುಂದಿನ ಸಲ ಹೋದಾಗ ಪಲ್ಯ ಬಿಸಿಯಿದ್ದರೆ ಅದೇ ರಿವ್ಯೂ ತೆರೆದು ಒಂದು ಸಾಲು ಸೇರಿಸಿ.