ಕ್ಲೈಂಟ್ ಹಲೋ ಒಂದು ಪ್ಯಾಕೆಟ್‌ನಲ್ಲಿ ಹಿಡಿಯದಿದ್ದಾಗ: ಪೋಸ್ಟ್-ಕ್ವಾಂಟಮ್‌ಗೆ ಬದಲಾದ ನನ್ನ ಅನುಭವ

ನಮ್ಮ ಸರ್ವರ್‌ಗಳ ಟಿಎಲ್‌ಎಸ್ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಅದನ್ನು ಪೋಸ್ಟ್-ಕ್ವಾಂಟಮ್ ಕೀ ವಿನಿಮಯಕ್ಕೆ ಬದಲಾಯಿಸುವ ಹೊಣೆಯೂ ನನಗೇ ಬಂತು. ಹೊಸ ಗಣಿತ ಕಷ್ಟವಾಗಬಹುದು ಅಂತ ಸುಮಾರು ಜನ ಹೆದರಿಸಿದ್ದರು. ಗಣಿತದ ಕಡೆಯಿಂದ ತೊಂದರೆ ಬರಲೇ ಇಲ್ಲ. ಕಾಡಿದ್ದೆಲ್ಲ ಬೈಟ್‌ಗಳ ಲೆಕ್ಕ.

ಮೊದಲು ಕ್ವಾಂಟಮ್ ಕಂಪ್ಯೂಟರ್‌ನಿಂದ ಯಾವುದಕ್ಕೆ ಅಪಾಯ, ಯಾವುದಕ್ಕಿಲ್ಲ ಅಂತ ವಿಂಗಡಿಸಿಕೊಂಡೆ. 1994ರಲ್ಲಿ ಪೀಟರ್ ಶೋರ್ ತೋರಿಸಿದ ವಿಧಾನ ಅಂಥ ಕಂಪ್ಯೂಟರ್‌ನಲ್ಲಿ ಎರಡು ಲೆಕ್ಕಗಳನ್ನು ಸುಲಭವಾಗಿ ಬಿಡಿಸುತ್ತದೆ: ದೊಡ್ಡ ಸಂಖ್ಯೆಯ ಅಪವರ್ತನ ಮತ್ತು ಡಿಸ್ಕ್ರೀಟ್ ಲಾಗರಿದಮ್. ಆರ್‌ಎಸ್‌ಎ ಮೊದಲನೆಯದರ ಮೇಲೆ ನಿಂತಿದೆ. ಡಿಫಿ-ಹೆಲ್‌ಮನ್, ಇಸಿಡಿಎಚ್, ಇಸಿಡಿಎಸ್‌ಎ, ಇಡಿ25519 ಇವೆಲ್ಲ ಎರಡನೆಯದರ ಮೇಲೆ ನಿಂತಿವೆ. ಅಂದರೆ ಈಗ ನಾವು ದಿನನಿತ್ಯ ಬಳಸುವ ಪಬ್ಲಿಕ್ ಕೀ ವಿಧಾನಗಳು ಹೆಚ್ಚುಕಡಿಮೆ ಎಲ್ಲವೂ ಪಟ್ಟಿಯಲ್ಲಿವೆ. "ಆರ್‌ಎಸ್‌ಎ ಕೀಯನ್ನು 2048ರಿಂದ 4096 ಬಿಟ್‌ಗೆ ಏರಿಸಿದರೆ ಸಾಕಲ್ವಾ?" ಅಂತ ಒಬ್ಬ ಸಹೋದ್ಯೋಗಿ ಕೇಳಿದರು. ಸಾಲದು. ಕೀ ಎರಡು ಪಟ್ಟಾದರೆ ಶೋರ್ ವಿಧಾನದ ಕೆಲಸ ಕೆಲವು ಪಟ್ಟು ಜಾಸ್ತಿ ಆಗುತ್ತದೆ, ಅಷ್ಟೇ. ಇಸಿಸಿ ಕೀಗಳು ಚಿಕ್ಕವಾದ್ದರಿಂದ ಅವನ್ನು ಮುರಿಯಲು ಆರ್‌ಎಸ್‌ಎಗಿಂತಲೂ ಕಡಿಮೆ ಕ್ಯೂಬಿಟ್ ಸಾಕಾಗಬಹುದು.

ಎಇಎಸ್ ಮತ್ತು ಎಸ್‌ಎಚ್‌ಎ-256 ಈ ಪಟ್ಟಿಯಲ್ಲಿಲ್ಲ. ಅವುಗಳ ಮೇಲೆ ನಡೆಯುವುದು ಗ್ರೋವರ್ ವಿಧಾನ. ಅದು ಹುಡುಕಾಟವನ್ನು ವೇಗಗೊಳಿಸುತ್ತದೆ, ಆದರೆ ಬೀಗವನ್ನೇ ಕಿತ್ತುಹಾಕುವುದಿಲ್ಲ. ಎಇಎಸ್-256 ಇದ್ದ ಕಡೆ ನಾನು ಏನನ್ನೂ ಮುಟ್ಟಲಿಲ್ಲ.

ಇದನ್ನೆಲ್ಲ ಮಾಡಬಲ್ಲ ಕ್ವಾಂಟಮ್ ಯಂತ್ರ ಇವತ್ತು ಇಲ್ಲ. 2048 ಬಿಟ್ ಆರ್‌ಎಸ್‌ಎ ಮುರಿಯಲು ಎರಡು ಕೋಟಿ ಕ್ಯೂಬಿಟ್ ಬೇಕು ಅನ್ನುವುದು 2019ರ ಅಂದಾಜು. 2025ರಲ್ಲಿ ಕ್ರೇಗ್ ಗಿಡ್ನಿ ಅದನ್ನು ಹತ್ತು ಲಕ್ಷಕ್ಕಿಂತ ಕೆಳಗೆ ಇಳಿಸಿದರು. ಯಂತ್ರ ಯಾವಾಗ ಬರುತ್ತದೆ ಅಂತ ಊಹಿಸುತ್ತಾ ಕೂರುವ ಬದಲು ನಾನು ಬೇರೆ ಪ್ರಶ್ನೆ ಹಿಡಿದೆ: ಇವತ್ತು ಯಾರಾದರೂ ನಮ್ಮ ಟ್ರಾಫಿಕ್ ಕದ್ದು ಇಟ್ಟುಕೊಂಡರೆ, ಮುಂದೆ ಅದನ್ನು ಓದಿದಾಗ ನಮಗೆ ನಷ್ಟ ಆಗುತ್ತದೆಯೇ?

ಈ ಒಂದು ಪ್ರಶ್ನೆಯಿಂದ ಕೆಲಸದ ಸರದಿ ತಾನಾಗಿ ನಿರ್ಧಾರವಾಯಿತು. ಕೀ ವಿನಿಮಯ ಮೊದಲು, ಸಹಿ ಆಮೇಲೆ. ಕದ್ದ ಹ್ಯಾಂಡ್‌ಶೇಕ್ ಅನ್ನು ಇನ್ನು ಹತ್ತು ವರ್ಷ ಬಿಟ್ಟೂ ಮುರಿಯಬಹುದು. ಆದರೆ ಮುಗಿದುಹೋದ ಸಂಪರ್ಕದ ಸರ್ಟಿಫಿಕೇಟ್ ಸಹಿಯನ್ನು ಹತ್ತು ವರ್ಷದ ನಂತರ ನಕಲು ಮಾಡಿ ಏನು ಪ್ರಯೋಜನ? ಹದಿನೈದು ನಿಮಿಷ ಬದುಕುವ ಲಾಗಿನ್ ಟೋಕನ್‌ಗಳಿಗೆ ಆರ್‌ಎಸ್‌ಎ ಸಹಿ ಹಾಕುತ್ತಿದ್ದೆವು. ಅದನ್ನು ಪಟ್ಟಿಯ ಕೊನೆಗೆ ತಳ್ಳಿದೆ. ನಮ್ಮ ಹಳೆಯ ಬ್ಯಾಕಪ್‌ಗಳು ಮಾತ್ರ ಬೇರೆ ಕಥೆ. ಅವುಗಳ ಎಇಎಸ್ ಕೀಯನ್ನು ಆರ್‌ಎಸ್‌ಎ ಪಬ್ಲಿಕ್ ಕೀಯಲ್ಲಿ ಸುತ್ತಿ ಇಟ್ಟಿದ್ದೆವು. ಆ ಒಂದು ಆರ್‌ಎಸ್‌ಎ ಕೀ ಮುರಿದರೆ ವರ್ಷಗಟ್ಟಲೆಯ ಬ್ಯಾಕಪ್ ಒಟ್ಟಿಗೆ ತೆರೆದುಕೊಳ್ಳುತ್ತದೆ. ಹೊಸದಾಗಿ ಸುತ್ತಿಡಬಹುದು, ಸರಿ. ಆದರೆ ಹಳೆಯ ಪ್ರತಿ ಈಗಾಗಲೇ ಬೇರೆಯವರ ಕೈ ಸೇರಿದ್ದರೆ ಅದಕ್ಕೆ ಮದ್ದಿಲ್ಲ.

ಟಿಎಲ್‌ಎಸ್‌ಗೆ ನಾವು ಆರಿಸಿದ್ದು X25519MLKEM768. ಇದು ಜೋಡಿ ವಿಧಾನ. ಹಳೆಯ ಎಕ್ಸ್25519 ಒಂದು ಗುಟ್ಟು ಕೊಡುತ್ತದೆ, ಅಮೆರಿಕದ ನಿಸ್ಟ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ FIPS 203 ಆಗಿ ಪ್ರಕಟಿಸಿದ ಎಂಎಲ್-ಕೆಮ್ ಇನ್ನೊಂದು ಗುಟ್ಟು ಕೊಡುತ್ತದೆ. ಎರಡನ್ನೂ ಸೇರಿಸಿ ಸೆಷನ್ ಕೀ ಹುಟ್ಟುತ್ತದೆ. ಒಳಗೆ ನುಗ್ಗಬೇಕಾದರೆ ಎರಡನ್ನೂ ಮುರಿಯಬೇಕು. ಹೊಸದೊಂದೇ ಸಾಕಲ್ವಾ ಅನ್ನುವವರಿಗೆ ನಾನು ಸೈಕ್ ಉದಾಹರಣೆ ಕೊಡುತ್ತೇನೆ. ಅದೂ ನಿಸ್ಟ್ ಪರಿಶೀಲನೆಯಲ್ಲಿ ದೂರ ಬಂದಿದ್ದ ವಿಧಾನ. 2022ರಲ್ಲಿ ಅದರ ಚಿಕ್ಕ ಆವೃತ್ತಿಯನ್ನು ಮಾಮೂಲಿ ಪ್ರೊಸೆಸರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದರು. ಕ್ವಾಂಟಮ್ ಯಂತ್ರ ಬೇಕೇ ಆಗಲಿಲ್ಲ.

ಎನ್‌ಜಿನ್ಎಕ್ಸ್‌ನಲ್ಲಿ ಬದಲಾಯಿಸಬೇಕಾದದ್ದು ಇಷ್ಟೇ:

```
ssl_protocols  TLSv1.2 TLSv1.3;
ssl_ecdh_curve X25519MLKEM768:X25519:prime256v1;
```

ಇದಕ್ಕೆ ಓಪನ್ಎಸ್ಎಸ್ಎಲ್ 3.5 ಬೇಕು. ಹಳೆಯದಿದ್ದರೆ ಆ ಹೆಸರೇ ಗೊತ್ತಿಲ್ಲದ ಕಾರಣ `nginx -t` ತಪ್ಪು ತೋರಿಸುತ್ತದೆ. ಯಂತ್ರದಲ್ಲಿ ಹೊಸ ಓಪನ್ಎಸ್ಎಸ್ಎಲ್ ಹಾಕಿದ ಮಾತ್ರಕ್ಕೆ ಎನ್‌ಜಿನ್ಎಕ್ಸ್ ಅದನ್ನೇ ಬಳಸುತ್ತಿದೆ ಅಂತಲ್ಲ. `nginx -V` ಕೊಟ್ಟು ನೋಡುವುದು ಒಳ್ಳೆಯದು. ಇನ್ನೊಂದು ಮಿತಿಯೂ ಇದೆ: ಈ ಜೋಡಿ ವಿಧಾನ ಟಿಎಲ್‌ಎಸ್ 1.3ರಲ್ಲಿ ಮಾತ್ರ ನಡೆಯುತ್ತದೆ. 1.2ರಲ್ಲೇ ಉಳಿದ ಕ್ಲೈಂಟ್‌ಗೆ ಇದರ ರಕ್ಷಣೆ ಸಿಗುವುದಿಲ್ಲ.

ಇನ್ನು ಬೈಟ್‌ಗಳ ವಿಷಯ. ಎಕ್ಸ್25519ರಲ್ಲಿ ಕ್ಲೈಂಟ್ ಕಳಿಸುವ ಕೀ 32 ಬೈಟ್. ಎಂಎಲ್-ಕೆಮ್-768ರ ಪಬ್ಲಿಕ್ ಕೀ 1184 ಬೈಟ್. ಜೋಡಿಸಿದರೆ 1216. ಸರ್ವರ್ ಕಡೆಯಿಂದ ವಾಪಸ್ ಬರುವುದು 1120. ಲೆಕ್ಕ ಮಾಡಲು ಪ್ರೊಸೆಸರ್‌ಗೆ ಹೊರೆಯೇನೂ ಇಲ್ಲ, ಎಂಎಲ್-ಕೆಮ್ ತುಂಬ ಚುರುಕು. ಆದರೆ ಸಾಮಾನ್ಯ ಈಥರ್ನೆಟ್‌ನಲ್ಲಿ ಒಂದು ಟಿಸಿಪಿ ಪ್ಯಾಕೆಟ್ ಹೊರುವುದು ಸುಮಾರು 1460 ಬೈಟ್. ಕ್ಲೈಂಟ್ ಹಲೋ ಸಂದೇಶದಲ್ಲಿ ಕೀ ಜೊತೆಗೆ ಸರ್ವರ್ ಹೆಸರು, ಸೈಫರ್ ಪಟ್ಟಿ ಇನ್ನೂ ಏನೇನೋ ಇರುತ್ತವೆ. ಹಾಗಾಗಿ ಮೊದಲು ಒಂದೇ ಪ್ಯಾಕೆಟ್‌ನಲ್ಲಿ ಹೋಗುತ್ತಿದ್ದ ಹಲೋ ಈಗ ಸುಲಭವಾಗಿ ಎರಡಾಗಿ ಒಡೆಯುತ್ತದೆ.

ಟಿಸಿಪಿ ನಿಯಮದ ಪ್ರಕಾರ ಇದರಲ್ಲಿ ತಪ್ಪೇನಿಲ್ಲ. ಆದರೆ ನಮ್ಮ ಒಂದು ಸೇವೆಯ ಮುಂದೆ ಹಳೆಯ ಲೋಡ್ ಬ್ಯಾಲೆನ್ಸರ್ ಇತ್ತು. ಅದು ಹಲೋ ಒಳಗಿನ ಸರ್ವರ್ ಹೆಸರು ಓದಿ ಸಂಪರ್ಕವನ್ನು ಸರಿಯಾದ ಯಂತ್ರಕ್ಕೆ ಕಳಿಸುತ್ತಿತ್ತು. ಅದನ್ನು ಬರೆದವರು ಒಂದೇ ಸಲ ಓದಿದರೆ ಹಲೋ ಪೂರ್ತಿ ಸಿಗುತ್ತದೆ ಅಂತ ನಂಬಿಕೊಂಡಿದ್ದರು. ಅರ್ಧ ಹಲೋ ಸಿಕ್ಕಾಗ ಅದು ಸಂಪರ್ಕವನ್ನು ಕಡಿದುಹಾಕುತ್ತಿತ್ತು.

ಇದರ ಲಕ್ಷಣ ವಿಚಿತ್ರ. ಒಮ್ಮೆ ಕೆಲಸ ಮಾಡುತ್ತದೆ, ಒಮ್ಮೆ ಮಾಡುವುದಿಲ್ಲ. ಎರಡೂ ಪ್ಯಾಕೆಟ್ ಬೆನ್ನುಬೆನ್ನಿಗೇ ಬಂದು ಬಫರ್‌ನಲ್ಲಿ ಕೂತಿದ್ದರೆ ಒಂದೇ ಓದಿಗೆ ಎಲ್ಲ ಸಿಗುತ್ತದೆ. ಎರಡನೆಯದು ಚೂರು ತಡವಾದರೆ ಕೆಡುತ್ತದೆ. ಅದೇ ಯಂತ್ರದ ಲೂಪ್‌ಬ್ಯಾಕ್‌ನಲ್ಲಿ ಪರೀಕ್ಷಿಸಿದರೆ ಎಂದೂ ಕೆಡುವುದಿಲ್ಲ, ಯಾಕೆಂದರೆ ಅಲ್ಲಿ ಪ್ಯಾಕೆಟ್ ಮಿತಿಯೇ ತುಂಬ ದೊಡ್ಡದು. ವಿಪಿಎನ್ ಮೂಲಕ ಬರುವವರಿಗೆ ಜಾಸ್ತಿ ಕೆಡುತ್ತದೆ, ಯಾಕೆಂದರೆ ಅಲ್ಲಿ ಮಿತಿ ಇನ್ನೂ ಚಿಕ್ಕದು. ಈ ಮೂರೂ ಒಟ್ಟಿಗೆ ಕಂಡರೆ ನಾನು ಬೇರೆ ಎಲ್ಲೂ ಹುಡುಕುವುದಿಲ್ಲ.

ಖಚಿತ ಮಾಡಿಕೊಳ್ಳಲು ಮೂರು ಆದೇಶ ಸಾಕು:

```
openssl s_client -connect HOST:443 -groups X25519 </dev/null
openssl s_client -connect HOST:443 -groups X25519MLKEM768 </dev/null
openssl s_client -connect HOST:443 -groups X25519MLKEM768:X25519 </dev/null
```

ಮೊದಲನೆಯದು ನಡೆದು ಎರಡನೆಯದು ತಕ್ಷಣ ಹ್ಯಾಂಡ್‌ಶೇಕ್ ಫೇಲ್ಯೂರ್ ಸಂದೇಶ ಕೊಟ್ಟರೆ ಗಾಬರಿ ಬೇಡ. ಆ ಸರ್ವರ್‌ಗೆ ಹೊಸ ವಿಧಾನ ಗೊತ್ತಿಲ್ಲ, ಅಷ್ಟೇ. ನಿಜವಾದ ಪರೀಕ್ಷೆ ಮೂರನೆಯದು. ಇಲ್ಲಿ ಕ್ಲೈಂಟ್ ದೊಡ್ಡ ಕೀ ಕಳಿಸುತ್ತದೆ, ಹಳೆಯದೂ ನಡೆಯುತ್ತದೆ ಅಂತ ಹೇಳುತ್ತದೆ. ಸರಿಯಾದ ಸರ್ವರ್ ಹೊಸದು ಗೊತ್ತಿಲ್ಲದಿದ್ದರೂ "ಎಕ್ಸ್25519ರಲ್ಲಿ ಮತ್ತೆ ಕಳಿಸು" ಅಂತ ಕೇಳಿ ಮುಂದುವರಿಯುತ್ತದೆ. ಒಂದು ಸುತ್ತು ಹೆಚ್ಚಾಗುತ್ತದೆ, ಸಂಪರ್ಕ ಆಗಿಯೇ ಆಗುತ್ತದೆ. ಮೂರನೆಯದೂ ನೇತಾಡಿದರೆ ಅಥವಾ ಕಡಿದುಹೋದರೆ ಮಧ್ಯದಲ್ಲಿ ಯಾರೋ ಉದ್ದದ ಹಲೋ ನುಂಗುತ್ತಿದ್ದಾರೆ. ಕೆಲವು ಸಲ ಮಾತ್ರ ಕೆಡುವ ರೋಗವಾದ್ದರಿಂದ ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬಾರದು, ಲೂಪ್‌ನಲ್ಲಿ ಓಡಿಸಬೇಕು. ಹೊಸ ವಿಧಾನ ಒಪ್ಪಿಗೆಯಾದರೆ ಔಟ್‌ಪುಟ್‌ನಲ್ಲಿ `Negotiated TLS1.3 group: X25519MLKEM768` ಅಂತ ಕಾಣುತ್ತದೆ.

ಇಲ್ಲಿ ಒಂದು ವಿಷಯ ನನ್ನ ಮೇಲಧಿಕಾರಿಗೆ ಒಪ್ಪಿಸಲು ಸಮಯ ಹಿಡಿಯಿತು. "ಸರ್ವರ್‌ನಲ್ಲಿ ಸೆಟ್ಟಿಂಗ್ ವಾಪಸ್ ತೆಗೆದುಬಿಡಿ, ಸರಿಹೋಗುತ್ತೆ" ಅಂದರು ಅವರು. ಸರಿಹೋಗುವುದಿಲ್ಲ. ಹಲೋ ಕಳಿಸುವವರು ಕ್ಲೈಂಟ್. ಕ್ರೋಮ್ 2024ರಿಂದ ಜೋಡಿ ಕೀಯನ್ನು ತಾನಾಗಿ ಕಳಿಸುತ್ತಿದೆ. ಗೋ 1.24 ಮತ್ತು ಓಪನ್ಎಸ್ಎಸ್ಎಲ್ 3.5 ಕೂಡ ಹಾಗೆಯೇ. ಅಂದರೆ ಯಾರೋ ಒಬ್ಬರು ಲೈಬ್ರರಿ ಅಪ್‌ಡೇಟ್ ಮಾಡಿದ ದಿನವೇ ಈ ವಲಸೆ ಶುರುವಾಗಿರುತ್ತದೆ. ನಾವು ತೀರ್ಮಾನ ಮಾಡಲಿ, ಬಿಡಲಿ. ಲೋಡ್ ಬ್ಯಾಲೆನ್ಸರ್‌ನ ಫರ್ಮ್‌ವೇರ್ ಬದಲಾಗುವವರೆಗೆ ಆ ದಾರಿಯಲ್ಲಿ ಹೋಗುವ ಗೋ ಪ್ರೋಗ್ರಾಂಗಳಿಗೆ ಮಾತ್ರ `GODEBUG=tlsmlkem=0` ಹಾಕಿದೆವು. ಎಲ್ಲೆಲ್ಲಿ ಹಾಕಿದ್ದೇವೆ ಅಂತ ಬರೆದಿಟ್ಟುಕೊಂಡೆವು. ಇಂಥವು ಸುಮ್ನೆ ಮರೆತುಹೋಗಿ ಹಾಗೇ ಉಳಿದುಬಿಡುತ್ತವೆ.

ಎಸ್‌ಎಸ್‌ಎಚ್ ಕೆಲಸ ಇದರ ಮುಂದೆ ಏನೂ ಅಲ್ಲ. ಓಪನ್ಎಸ್ಎಸ್ಎಚ್ 10.0ರಲ್ಲಿ `mlkem768x25519-sha256` ತಾನಾಗಿಯೇ ಮೊದಲ ಆಯ್ಕೆ. `ssh -v` ಕೊಟ್ಟರೆ `kex: algorithm` ಸಾಲಿನಲ್ಲಿ ಯಾವುದು ನಡೆಯಿತು ಅಂತ ಕಾಣುತ್ತದೆ. ಎರಡೂ ಕಡೆ ಅಪ್‌ಡೇಟ್ ಮಾಡಿದೆವು, ಮುಗಿಯಿತು.

ಸಹಿಗಳನ್ನು ಉತ್ಪಾದನಾ ಸರ್ವರ್‌ಗಳಲ್ಲಿ ನಾವು ಇನ್ನೂ ಬದಲಾಯಿಸಿಲ್ಲ. ಆದರೆ ನಮ್ಮದೇ ಒಳಗಿನ ಸರ್ಟಿಫಿಕೇಟ್ ಪ್ರಾಧಿಕಾರದಲ್ಲಿ ಎಂಎಲ್-ಡಿಎಸ್‌ಎ-65 ಅನ್ನುವ ಪೋಸ್ಟ್-ಕ್ವಾಂಟಮ್ ಸಹಿ ವಿಧಾನ ಹಾಕಿ ನೋಡಿದೆ. ಅದರ ಪಬ್ಲಿಕ್ ಕೀ 1952 ಬೈಟ್, ಸಹಿ 3309 ಬೈಟ್. ಒಂದು ಸರ್ಟಿಫಿಕೇಟ್‌ಗೆ ಇವೆರಡೇ 5261. ಮಧ್ಯದ ಸರ್ಟಿಫಿಕೇಟ್ ಸೇರಿದರೆ 10,522. ಹ್ಯಾಂಡ್‌ಶೇಕ್‌ನಲ್ಲಿ ಸರ್ವರ್ ಹಾಕುವ ಸಹಿಯೂ ಸೇರಿದರೆ 13,831. ಟಿಸಿಪಿ ಸಾಮಾನ್ಯವಾಗಿ ಉತ್ತರಕ್ಕೆ ಕಾಯದೆ ಮೊದಲು ಕಳಿಸುವುದು ಹತ್ತು ಪ್ಯಾಕೆಟ್, ಅಂದರೆ ಸುಮಾರು 14,600 ಬೈಟ್. ಉಳಿದದ್ದು 769 ಬೈಟ್. ಸರ್ವರ್ ಹಲೋದಲ್ಲಿನ 1120 ಬೈಟ್ ಕೀ ಒಂದೇ ಅದನ್ನು ದಾಟಿಸುತ್ತದೆ, ಹೆಸರು, ದಿನಾಂಕಗಳ ಮಾತು ಆಮೇಲೆ. ಹಾಗಾಗಿ ಪ್ರತಿ ಹೊಸ ಸಂಪರ್ಕಕ್ಕೂ ಒಂದು ಸುತ್ತು ಹೆಚ್ಚು. ಹತ್ತಿರದ ಯಂತ್ರಗಳ ನಡುವೆ ಗೊತ್ತೇ ಆಗಲ್ಲ. ದೂರದ ಕ್ಲೈಂಟ್‌ಗೆ ಗೊತ್ತಾಗುತ್ತದೆ. ಅದರ ಚಿಕ್ಕ ಆವೃತ್ತಿ ಎಂಎಲ್-ಡಿಎಸ್‌ಎ-44 ಹಾಕಿದರೆ ಇದೇ ಮೊತ್ತ 9,884ಕ್ಕೆ ಇಳಿಯುತ್ತದೆ, ಜಾಗ ಸಾಲುತ್ತದೆ. ಒಳಗಿನ ಬಳಕೆಗೆ ಅದನ್ನೇ ಆರಿಸುವ ಯೋಚನೆ ಇದೆ.

ಈಗ ಎನ್‌ಜಿನ್ಎಕ್ಸ್ ಲಾಗ್‌ಗೆ `$ssl_protocol` ಮತ್ತು `$ssl_curve` ಸೇರಿಸಿದ್ದೇವೆ. ಹೊಸ ವಿಧಾನ ಕೆಲವು ಕಡೆ ಹೆಸರಿನ ಬದಲು `0x11ec` ಅಂತ ಬರುತ್ತದೆ. ಅದು ಆ ವಿಧಾನದ ಟಿಎಲ್‌ಎಸ್ ಸಂಖ್ಯೆಯೇ. ಅದಲ್ಲದ ಸಾಲುಗಳನ್ನು ಹೆಕ್ಕಿದರೆ ಉಳಿದ ಕೆಲಸದ ಪಟ್ಟಿ ಸಿಗುತ್ತದೆ. ನಮ್ಮಲ್ಲಿ ಸದ್ಯ ಆ ಸಾಲುಗಳಲ್ಲಿ ಜಾಸ್ತಿ ಇರುವವು ಟಿಎಲ್‌ಎಸ್ 1.2 ಮಾತ್ರ ಗೊತ್ತಿರುವ ಹಳೆಯ ಪ್ರೋಗ್ರಾಂಗಳು. ಅವುಗಳಲ್ಲಿ ಕೆಲವಕ್ಕೆ ಈಗ ಮಾಲೀಕರೇ ಇಲ್ಲ. ಅವುಗಳ ಮುಂದೆ ಟಿಎಲ್‌ಎಸ್ 1.3 ಮಾತಾಡುವ ಚಿಕ್ಕ ಪ್ರಾಕ್ಸಿ ಇಡುತ್ತಾ ಬರುತ್ತಿದ್ದೇವೆ.