ಚೆಂಡು ನೆಲಕ್ಕೆ ಬಡಿಯಬೇಕು, ಇಳಿಯಬಾರದು

ಅನಿಮೇಷನ್ ಕಲಿಯಲು ಕೂತವರೆಲ್ಲ ಮೊದಲು ಮಾಡುವುದು ಪುಟಿಯುವ ಚೆಂಡನ್ನು. ಹೆಚ್ಚಿನವರ ಚೆಂಡು ಪುಟಿಯುವುದೇ ಇಲ್ಲ. ಲಿಫ್ಟಿನ ಹಾಗೆ ಮೆಲ್ಲಗೆ ನೆಲಕ್ಕೆ ಬಂದು ನಿಂತು, ಮತ್ತೆ ಮೆಲ್ಲಗೆ ಮೇಲೇರುತ್ತದೆ. ಆಮೇಲೆ ಶುರುವಾಗುತ್ತದೆ ಕೀಫ್ರೇಮ್‌ಗಳನ್ನು ಅಂದರೆ ಯಾವ ಫ್ರೇಮಿನಲ್ಲಿ ಚೆಂಡು ಎಲ್ಲಿರಬೇಕೆಂದು ಹಾಕಿದ ಗುರುತುಗಳನ್ನು, ಅತ್ತಿತ್ತ ಎಳೆದಾಡುವ ಕೆಲಸ. ಎಷ್ಟು ಎಳೆದರೂ ಸರಿಹೋಗುವುದಿಲ್ಲ, ಏಕೆಂದರೆ ಕೆಟ್ಟಿರುವುದು ಕೀಫ್ರೇಮ್ ಅಲ್ಲ, ಎರಡು ಕೀಫ್ರೇಮ್‌ಗಳ ನಡುವಿನ ಚಲನೆಯ ಗೆರೆ, ಅಂದರೆ ಕರ್ವ್. ಉಚಿತವಾಗಿ ಸಿಗುವ 3D ತಂತ್ರಾಂಶ ಬ್ಲೆಂಡರ್‌ನಲ್ಲಿ ಇದನ್ನು ಸರಿಮಾಡುವುದು ಹೇಗೆಂದು ನೋಡೋಣ.

1. ಕೀಗಳನ್ನು ಹಾಕಿ

20 ಸೆಂಟಿಮೀಟರ್ ತ್ರಿಜ್ಯದ ಚೆಂಡು ತೆಗೆದುಕೊಳ್ಳಿ. ಬ್ಲೆಂಡರ್ ಚೆಂಡಿನ ಎತ್ತರವನ್ನು ಅದರ ನಡುಬಿಂದುವಿನಿಂದ ಲೆಕ್ಕ ಹಾಕುತ್ತದೆ. ಹಾಗಾಗಿ ಚೆಂಡು ನೆಲ ಮುಟ್ಟಿದಾಗ Z ಬೆಲೆ ಸೊನ್ನೆಯಲ್ಲ, 0.2. ಸೆಕೆಂಡಿಗೆ 24 ಫ್ರೇಮ್ ಇರಲಿ. ಎರಡು ಮೀಟರ್ ಎತ್ತರದಿಂದ ಬಿಟ್ಟ ವಸ್ತು ನೆಲ ಸೇರಲು ಸುಮಾರು 0.64 ಸೆಕೆಂಡ್ ಬೇಕು, ಅಂದರೆ 15 ಫ್ರೇಮ್. ನಮ್ಮ ರಬ್ಬರ್ ಚೆಂಡು ಪ್ರತಿ ಸಲವೂ ಹಿಂದಿನ ಎತ್ತರದ ಶೇ 60ರಷ್ಟು ಮೇಲೇಳುತ್ತದೆ ಎಂದುಕೊಂಡರೆ ಕೀಗಳು ಹೀಗಿರಬೇಕು:

ಫ್ರೇಮ್ 1ರಲ್ಲಿ 2.2
ಫ್ರೇಮ್ 16ರಲ್ಲಿ 0.2
ಫ್ರೇಮ್ 28ರಲ್ಲಿ 1.4
ಫ್ರೇಮ್ 40ರಲ್ಲಿ 0.2
ಫ್ರೇಮ್ 49ರಲ್ಲಿ 0.92
ಫ್ರೇಮ್ 58ರಲ್ಲಿ 0.2

ಫ್ರೇಮ್‌ಗಳ ಅಂತರ 15, 12, 9 ಎಂದು ಕಡಿಮೆಯಾಗುತ್ತಿರುವುದನ್ನು ಗಮನಿಸಿ. ಎತ್ತರ ತಗ್ಗಿದರೆ ಬೀಳುವ ಕಾಲವೂ ತಗ್ಗಲೇಬೇಕು. ಎಲ್ಲ ಪುಟಿತಕ್ಕೂ ಒಂದೇ ಅಂತರ ಕೊಡುವವರಿದ್ದಾರೆ. ಅವರ ಚೆಂಡು ಪ್ರತಿ ಪುಟಿತಕ್ಕೂ ಹಗುರಾಗುತ್ತಾ ಹೋದಂತೆ ಕಾಣುತ್ತದೆ, ಅದನ್ನು ಯಾವ ಕರ್ವ್ ಕೂಡ ಉಳಿಸಲಾರದು.

2. ಗ್ರಾಫ್ ಎಡಿಟರ್ ತೆರೆಯಿರಿ

Shift+F6 ಒತ್ತಿ, Z Location ಒಂದನ್ನು ಬಿಟ್ಟು ಉಳಿದ ಕರ್ವ್‌ಗಳನ್ನು ಮರೆಮಾಡಿ, Home ಒತ್ತಿ. ಅಷ್ಟೇ.

3. ನೆಲದ ಕೀಗಳನ್ನು ಚೂಪಾಗಿಸಿ

ಜನ ಎಡವುವುದು ಇಲ್ಲಿ. ಆದ್ದರಿಂದ ನಿಧಾನವಾಗಿ ಓದಿ.

ಈ ಗ್ರಾಫಿನಲ್ಲಿ ಅಡ್ಡಕ್ಕೆ ಇರುವುದು ಕಾಲ, ಉದ್ದಕ್ಕೆ ಇರುವುದು ಎತ್ತರ. ಗೆರೆ ಕಡಿದಾಗಿದ್ದ ಕಡೆ ಚೆಂಡು ವೇಗವಾಗಿರುತ್ತದೆ, ಮಲಗಿದ ಕಡೆ ನಿಂತಿರುತ್ತದೆ. ಹೊಸದಾಗಿ ಹಾಕಿದ ಕೀಗಳಿಗೆ ಬ್ಲೆಂಡರ್ ತಾನಾಗಿಯೇ Auto Clamped ಎಂಬ ಹ್ಯಾಂಡಲ್, ಅಂದರೆ ಗೆರೆಯ ಬಾಗನ್ನು ತಿದ್ದುವ ಹಿಡಿ, ಕೊಡುತ್ತದೆ. ಗೆರೆಯ ಅತಿ ಎತ್ತರದ ಮತ್ತು ಅತಿ ತಗ್ಗಿನ ಬಿಂದುಗಳಲ್ಲಿ ಅದು ಮಟ್ಟಸವಾಗಿ ಮಲಗುತ್ತದೆ. ಮೇಲಿನ ಕೀಗಳಿಗೆ ಅದು ಸರಿ, ಚೆಂಡು ನೆತ್ತಿಯಲ್ಲಿ ಒಂದು ಕ್ಷಣ ನಿಜವಾಗಿಯೂ ನಿಲ್ಲುತ್ತದೆ. ನೆಲದಲ್ಲಿ ಮಾತ್ರ ಅದು ಪೂರಾ ತಪ್ಪು, ಏಕೆಂದರೆ ಚೆಂಡಿನ ವೇಗ ಅತಿ ಹೆಚ್ಚಿರುವುದು ಅಲ್ಲೇ.

ಈಗ ಹಲವರು ಏನು ಮಾಡುತ್ತಾರೆಂದರೆ, ನೆಲದ ಕೀಗಳನ್ನು ಆರಿಸಿ, V ಒತ್ತಿ, Vector ಎಂದು ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಎಷ್ಟೋ ವಿಡಿಯೊ ಪಾಠಗಳು ಹೇಳಿಕೊಡುವುದೂ ಇದನ್ನೇ. ಗೆರೆಗೆ ಚೂಪಾದ ಮೂಲೆ ಬಂತು, ನಿಜ. ಆದರೆ Vector ಹ್ಯಾಂಡಲ್ ಪಕ್ಕದ ಕೀ ಕಡೆಗೆ ನೇರವಾಗಿ ಮುಖಮಾಡಿರುತ್ತದೆ. ಹೀಗಾಗಿ ನೆಲ ಮುಟ್ಟುವಾಗ ಚೆಂಡಿಗೆ ಸಿಗುವುದು ಇಡೀ ಬೀಳುವಿಕೆಯ ಸರಾಸರಿ ವೇಗ. ನಿಶ್ಚಲ ಸ್ಥಿತಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗ ಆ ಸರಾಸರಿಯ ಎರಡರಷ್ಟು ಇರಬೇಕು. Vector ಕೊಟ್ಟ ಚೆಂಡು ದಾರಿಯ ಕೊನೆಯ ಮೂರನೇ ಒಂದು ಭಾಗದಲ್ಲಿ ಸ್ವಲ್ಪ ನಿಧಾನವಾಗಿಬಿಡುತ್ತದೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಎಲ್ಲೋ ಏನೋ ಸರಿಯಿಲ್ಲ ಅನ್ನಿಸುತ್ತದೆ.

ಸರಿಯಾದ ದಾರಿ ಇದು. ನೆಲದ ಮೂರೂ ಕೀಗಳನ್ನು ಆರಿಸಿ V ಒತ್ತಿ Free ಕೊಡಿ. Aligned ಬೇಡ, ಅದರಲ್ಲಿ ಎಡಬಲದ ಹ್ಯಾಂಡಲ್‌ಗಳು ಒಂದೇ ಗೆರೆಯಲ್ಲಿ ಬಿಗಿದಿರುತ್ತವೆ, ಮೂಲೆ ಮೂಡುವುದೇ ಇಲ್ಲ. ಇನ್ನು ಹ್ಯಾಂಡಲ್‌ನ ತುದಿ ಎಲ್ಲಿರಬೇಕು ಎನ್ನುವುದಕ್ಕೆ ಅಂದಾಜು ಬೇಕಿಲ್ಲ, ಲೆಕ್ಕವಿದೆ. ಕಾಲದಲ್ಲಿ ನೆಲದ ಕೀಯಿಂದ ಬೀಳುವ ಅವಧಿಯ ಮೂರನೇ ಒಂದರಷ್ಟು ದೂರ, ಎತ್ತರದಲ್ಲಿ ನೆಲದಿಂದ ಬಿದ್ದ ಎತ್ತರದ ಮೂರನೇ ಎರಡರಷ್ಟು ಮೇಲೆ. ಮೇಲಿನ ಕೀಯ ಹ್ಯಾಂಡಲ್ ಮಟ್ಟಸವಾಗಿ, ಅದೇ ಮೂರನೇ ಒಂದರಷ್ಟು ಉದ್ದವಿದ್ದರೆ ಸಿಗುವ ಗೆರೆ ಗುರುತ್ವದ ಪ್ಯಾರಾಬೋಲವೇ. Auto Clamped ಕೊಡುವ ಉದ್ದವೂ ಹೆಚ್ಚುಕಡಿಮೆ ಇಷ್ಟೇ, ವ್ಯತ್ಯಾಸವಿದ್ದರೂ ಕಣ್ಣಿಗೆ ಗೊತ್ತಾಗುವಷ್ಟಲ್ಲ.

ಮೊದಲ ಬೀಳುವಿಕೆಗೆ ಲೆಕ್ಕ ಹಾಕೋಣ. ಅವಧಿ 15 ಫ್ರೇಮ್, ಅದರ ಮೂರನೇ ಒಂದು 5. ಎತ್ತರ 2 ಮೀಟರ್, ಅದರ ಮೂರನೇ ಎರಡು 1.33, ಅದಕ್ಕೆ ನೆಲದ 0.2 ಸೇರಿಸಿದರೆ 1.53. ಅಂದರೆ 16ನೇ ಫ್ರೇಮಿನ ಕೀಯ ಎಡ ಹ್ಯಾಂಡಲ್ 11ನೇ ಫ್ರೇಮಿನಲ್ಲಿ, 1.53 ಎತ್ತರದಲ್ಲಿ ಇರಬೇಕು. ಬಲಗಡೆ ಚೆಂಡು 12 ಫ್ರೇಮಿನಲ್ಲಿ 1.2 ಮೀಟರ್ ಏರಬೇಕು, ಆದ್ದರಿಂದ ಬಲ ಹ್ಯಾಂಡಲ್ 20ನೇ ಫ್ರೇಮಿನಲ್ಲಿ 1.0ಕ್ಕೆ. 40ನೇ ಫ್ರೇಮಿನ ಕೀಗೆ ಎಡಗಡೆ 36 ಮತ್ತು 1.0, ಬಲಗಡೆ 43 ಮತ್ತು 0.68. ಕೊನೆಯ ಕೀಗೆ ಎಡಗಡೆ 55 ಮತ್ತು 0.68. ಮೌಸ್‌ನಲ್ಲಿ ಎಳೆಯಬೇಡಿ. N ಒತ್ತಿ ಪಕ್ಕದ ಪಟ್ಟಿ ತೆರೆದು, F-Curve ಟ್ಯಾಬಿನಲ್ಲಿ ಅಂಕಿಗಳನ್ನೇ ಟೈಪ್ ಮಾಡಿ.

ಒಂದು ಅಡ್ಡದಾರಿಯೂ ಇದೆ. ಎಲ್ಲ ಕೀಗಳನ್ನು ಆರಿಸಿ T ಒತ್ತಿ Quadratic ಕೊಡಿ. ಆಮೇಲೆ ಮೇಲಿನ ಕೀಗಳಿಗೆ Ctrl+E ಒತ್ತಿ Ease In, ನೆಲದ ಕೀಗಳಿಗೆ Ease Out. ಈಸಿಂಗ್, ಅಂದರೆ ವೇಗ ಏರಿಳಿಯುವ ರೀತಿ, ಯಾವಾಗಲೂ ಕೀಯ ಮುಂದಿನ ತುಂಡಿಗೆ ಅನ್ವಯಿಸುತ್ತದೆ ಎಂಬುದು ನೆನಪಿರಲಿ, ಹಿಂದಿನದಕ್ಕಲ್ಲ. ಬರುವ ಗೆರೆ ಇದೇ ಪ್ಯಾರಾಬೋಲ. ಹಾಗಾದರೆ ಹ್ಯಾಂಡಲ್ ಏಕೆ ಎಂದು ಕೇಳಬಹುದು. ನಾಳೆ ನಿರ್ದೇಶಕರು ಚೆಂಡು ನೆತ್ತಿಯಲ್ಲಿ ಇನ್ನೆರಡು ಫ್ರೇಮ್ ತೇಲಲಿ ಎಂದರೆ Quadratic ಗೆರೆಯಲ್ಲಿ ಹಿಡಿದು ಎಳೆಯಲು ಏನೂ ಇರುವುದಿಲ್ಲ. ನಾನಂತೂ ಹ್ಯಾಂಡಲ್ ಬಿಟ್ಟು ಬೇರೆ ಬಳಸುವುದಿಲ್ಲ.

ಅದೇ ಪಟ್ಟಿಯಲ್ಲಿರುವ Bounce ಕಡೆ ತಿರುಗಿಯೂ ನೋಡಬೇಡಿ. ಅದು ಮೊದಲ ಪುಟಿತವನ್ನು ಕಾಲು ಭಾಗದ ಎತ್ತರಕ್ಕೆ ಕಟ್ಟಿಹಾಕಿರುತ್ತದೆ, ಬದಲಾಯಿಸಲು ಬರುವುದಿಲ್ಲ. ಟೆನಿಸ್ ಚೆಂಡೇ ಅರ್ಧಕ್ಕಿಂತ ಹೆಚ್ಚು ಏಳುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಈಸಿಂಗ್ ಪ್ರಿಸೆಟ್ ಕಟ್ಟುಗಳೂ ಅಷ್ಟೇ. ಬಟನ್, ಟೈಟಲ್ ಓಡಾಡಿಸಲು ಆದೀತು, ತೂಕವಿರುವ ವಸ್ತುವಿಗೆ ಅವು ಒದಗುವುದಿಲ್ಲ.

4. X ಕರ್ವ್ ನೇರ ಮಾಡಿ

ಚೆಂಡು ಪುಟಿಯುತ್ತಾ ಮುಂದೆ ಸಾಗಬೇಕಿದ್ದರೆ, ನೀವು ಕೀ ಹಾಕಿದಾಗಲೆಲ್ಲ X ಮತ್ತು Yಗೂ ಕೀ ಬಿದ್ದಿರುತ್ತದೆ. ಆ ನಡುವಿನ ಕೀಗಳಿಂದಾಗಿ ಚೆಂಡು ಹೋಗುತ್ತಾ ಹೋಗುತ್ತಾ ಮುಗ್ಗರಿಸುತ್ತದೆ. X ಕರ್ವ್‌ನಲ್ಲಿ ಮೊದಲ ಮತ್ತು ಕೊನೆಯ ಕೀ ಮಾತ್ರ ಉಳಿಸಿ, T ಒತ್ತಿ Linear ಕೊಡಿ.

5. ಪರೀಕ್ಷಿಸಿ

ಬಾಣದ ಗುಂಡಿಯಿಂದ ಒಂದೊಂದೇ ಫ್ರೇಮ್ ಸರಿಸಿ Z ಬೆಲೆ ನೋಡಿ. ಮೊದಲ ಫ್ರೇಮಿನಿಂದ ಎರಡನೆಯದಕ್ಕೆ ಚೆಂಡು ಒಂದು ಸೆಂಟಿಮೀಟರೂ ಇಳಿದಿರಬಾರದು. 15ರಿಂದ 16ಕ್ಕೆ ಸುಮಾರು 26 ಸೆಂಟಿಮೀಟರ್ ಇಳಿದಿರಬೇಕು. ಅಲ್ಲಿ 13–14 ಕಂಡರೆ Vector ಹಾಗೇ ಉಳಿದಿದೆ. ಎರಡು-ಎರಡೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿದ್ದರೆ ಹ್ಯಾಂಡಲ್ ಇನ್ನೂ ಮಲಗಿದೆ.

ಆಮೇಲೆ ಓಡಿಸಿ ನೋಡಿ. ವ್ಯೂಪೋರ್ಟ್ ಮೂಲೆಯ fps ಅಂಕಿ ಕೆಂಪಾಗಿದ್ದರೆ ನಿಮ್ಮ ಕಂಪ್ಯೂಟರ್ ಹಿಂದೆ ಬಿದ್ದಿದೆ, ಚೆಂಡು ನಿಧಾನವಾಗಿ ಕಾಣುವುದು ಅದಕ್ಕೇ. ಆಗ ಕರ್ವ್ ಮುಟ್ಟಲು ಹೋಗಬೇಡಿ. ಟೈಮ್‌ಲೈನ್‌ನ Playback ಮೆನುವಿನಲ್ಲಿ Frame Dropping ಆರಿಸಿ ಮತ್ತೊಮ್ಮೆ ಓಡಿಸಿ.