ಒಂದೇ ಕರೆಂಟ್ ಬಿಲ್, ನಾಲ್ಕು ಮನೆ: ಸಬ್ ಮೀಟರ್ ನೋಡಿ ಹಂಚುವ ರೀತಿ

ಸಮನಾಗಿ ಹಂಚಿದರೆ ಕಡಿಮೆ ಬಳಸುವವರಿಗೆ ಅನ್ಯಾಯ. ಸಬ್ ಮೀಟರ್ ಯೂನಿಟ್ ಮಾತ್ರ ಲೆಕ್ಕ ಹಾಕಿದರೆ ನೀರಿನ ಮೋಟಾರು, ಮೆಟ್ಟಿಲ ದೀಪದ ಖರ್ಚು ಯಾರ ತಲೆಗೂ ಬರುವುದಿಲ್ಲ.

ಮೇನ್ ಮೀಟರ್ ರೀಡಿಂಗ್ ಆದ ದಿನವೇ ಎಲ್ಲರೂ ತಮ್ಮ ಸಬ್ ಮೀಟರ್ ಫೋಟೋ ತೆಗೆಯಿರಿ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಬದಲಾಗುತ್ತಿರುತ್ತವೆ, kWh ಬಂದಾಗಲೇ ಕ್ಲಿಕ್ ಮಾಡಿ. ಆಮೇಲೆ ಫೋನಿನಲ್ಲಿ ಫೋಟೋದ ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಗುಂಪಿಗೆ ಹಾಕಿ.

ಒಂದು ಉದಾಹರಣೆ: ಬಿಲ್ ₹5,550, ಅದರಲ್ಲಿ ನಿಗದಿತ ಶುಲ್ಕ ₹900. ಉಳಿದ ₹4,650 ಅನ್ನು ಮೇನ್ ಮೀಟರಿನ 620 ಯೂನಿಟ್‌ನಿಂದ ಭಾಗಿಸಿದರೆ ತೆರಿಗೆಯೂ ಸೇರಿ ಯೂನಿಟ್‌ಗೆ ₹7.50. ಮನೆಗಳು ಬಳಸಿದ್ದು 180, 140, 150, 90, ಒಟ್ಟು 560. ವ್ಯತ್ಯಾಸದ 60 ಯೂನಿಟ್ ಸಾಮಾನ್ಯ ಬಳಕೆ, ಮನೆಗೆ 15. ನಿಗದಿತ ಶುಲ್ಕವೂ ಸಮಪಾಲು, ₹225. ಹಾಗಾಗಿ ನಾಲ್ಕನೇ ಮನೆಗೆ 105 ಯೂನಿಟ್‌ನ ₹787.50 ಮತ್ತು ₹225, ಒಟ್ಟು ₹1,012.50. ಸಮನಾಗಿ ಹಂಚಿದ್ದರೆ ಅವರು ₹375 ಹೆಚ್ಚು ಕೊಡಬೇಕಿತ್ತು!

ವ್ಯತ್ಯಾಸ ಒಮ್ಮೆಲೇ ಏರಿದರೆ ಜಗಳಕ್ಕೆ ಮೊದಲು ಪರೀಕ್ಷೆ ಮಾಡಿ. ಎಲ್ಲ ಮನೆಗಳ ಮೇನ್ ಸ್ವಿಚ್, ಮೋಟಾರು, ಸಾಮಾನ್ಯ ದೀಪ ಆರಿಸಿ. ಆಗಲೂ ಮೇನ್ ಮೀಟರಿನ ಕೆಂಪು ದೀಪ ಮಿನುಗುತ್ತಿದ್ದರೆ ಎಲ್ಲೋ ಕರೆಂಟ್ ಸೋರುತ್ತಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಮಿನುಗದಿದ್ದರೆ ಯಾವುದಾದರೂ ಸಬ್ ಮೀಟರ್ ನಿಧಾನವಾಗಿರಬಹುದು.

ಸಂಘಕ್ಕೆ ಹೀಗೆ ಬರೆದುಕೊಡಿ: “ಕಾರ್ಯದರ್ಶಿಯವರಿಗೆ ನಮಸ್ಕಾರ. ಈ ತಿಂಗಳ ಬಿಲ್, ನಾಲ್ಕು ಸಬ್ ಮೀಟರ್ ಸ್ಕ್ರೀನ್‌ಶಾಟ್, ಹಂಚಿಕೆಯ ಲೆಕ್ಕ ಲಗತ್ತಿಸಿದ್ದೇವೆ. ಸಾಮಾನ್ಯ ಬಳಕೆ 60 ಯೂನಿಟ್. ಆಕ್ಷೇಪವಿದ್ದವರು ಮೂರು ದಿನದೊಳಗೆ ತಿಳಿಸಬೇಕು. ದಯವಿಟ್ಟು ದಾಖಲೆಯಲ್ಲಿ ಇಡಿ.”